ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ

ಹತ್ತನೇ ಕ್ಲಾಸಿನ ವೃತ್ತದ ಪಾಠಕ್ಕೆ ನಾನು ಮಾಡಿಕೊಡುತ್ತಿದ್ದ ಹಾಳೆಯಲ್ಲಿ ಮೇಲೆ ಚಿತ್ರ, ಕೆಳಗೆ ಬಿಡಿಸಿದ ಲೆಕ್ಕ, ಪ್ರತಿ ಹಂತಕ್ಕೂ ಕಾರಣ ಇರುತ್ತಿತ್ತು. ಆದರೂ ಮಕ್ಕಳು ಒಂದು ಬೆರಳನ್ನು ಚಿತ್ರದ ಮೇಲೆ, ಇನ್ನೊಂದನ್ನು ಸಾಲಿನ ಮೇಲೆ ಇಟ್ಟುಕೊಂಡು ಓದುತ್ತಿದ್ದರು, ಮೂರನೇ ಸಾಲಿಗೆ ಬರುವಷ್ಟರಲ್ಲಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಆ ಬೆರಳುಗಳನ್ನು ನೋಡಿದಾಗಲೇ ನನಗೆ ತಪ್ಪು ಹಾಳೆಯದ್ದು ಅನ್ನಿಸಿದ್ದು.

∠APO ಎಂದು ಓದಿದ ಮಗು ಆ ಮೂರು ಅಕ್ಷರ ನೆನಪಿಟ್ಟುಕೊಂಡು ಚಿತ್ರದಲ್ಲಿ ಆ ಕೋನ ಹುಡುಕಬೇಕು, ಆಮೇಲೆ ಬಿಟ್ಟ ಸಾಲನ್ನೂ ಹುಡುಕಬೇಕು. ಹೊಸ ವಿಷಯವಾದರೆ ವರ್ಕಿಂಗ್ ಮೆಮೊರಿಯಲ್ಲಿ, ಅಂದರೆ ಯೋಚಿಸುವಾಗ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗದಲ್ಲಿ, ಒಂದು ಸಲಕ್ಕೆ ನಿಲ್ಲುವುದೇ ಸುಮಾರು ನಾಲ್ಕು ತುಣುಕು. ಅದೆಲ್ಲ ಹುಡುಕಾಟಕ್ಕೇ ಹೋದರೆ ಲೆಕ್ಕಕ್ಕೆ ಜಾಗ ಎಲ್ಲಿ?

ಕಲಿಯುವಾಗ ಮನಸ್ಸಿನ ಮೇಲೆ ಬೀಳುವ ಹೊರೆಯ ಬಗ್ಗೆ ಹೇಳುವ ಕಾಗ್ನಿಟಿವ್ ಲೋಡ್ ಥಿಯರಿ ಕೊಟ್ಟ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಜೊತೆಗಾರರಿಗೂ ಇದೇ ಎದುರಾಗಿತ್ತು. ಬೀಜಗಣಿತದಲ್ಲಿ ಚೆನ್ನಾಗಿ ಕೆಲಸ ಮಾಡಿದ ಬಿಡಿಸಿದ ಲೆಕ್ಕಗಳು ರೇಖಾಗಣಿತದಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ವಿವರಣೆಯನ್ನು ಚಿತ್ರದೊಳಗೇ ಸೇರಿಸಿದ ಮೇಲೆ ಬಂತು. 1988ರ ಅಧ್ಯಯನ ಅದು.

ನಾನೂ ಹಾಗೇ ಮಾಡಿದೆ. P ಬಿಂದುವಿನಿಂದ O ಕೇಂದ್ರದ ವೃತ್ತಕ್ಕೆ PA, PB ಸ್ಪರ್ಶಕಗಳು, ∠APB = 80°, ∠POA ಎಷ್ಟು? ಚಿತ್ರ ದೊಡ್ಡದು ಮಾಡಿ A ಪಕ್ಕದಲ್ಲೇ "① 90°, ತ್ರಿಜ್ಯ ಸ್ಪರ್ಶಕಕ್ಕೆ ಲಂಬ" ಎಂದು ಬರೆದೆ. P ಹತ್ತಿರ "② 80 ÷ 2 = 40°, OP ಕೋನವನ್ನು ಅರ್ಧ ಮಾಡುತ್ತದೆ". O ಹತ್ತಿರ "③ 180 − 90 − 40 = 50°". ಮೊದಲ ಸಲ ಕೆಳಗಿನ ಹಳೇ ವಿವರಣೆಯನ್ನು ಸುಮ್ನೆ ಇರಲಿ ಎಂದು ಬಿಟ್ಟಿದ್ದೆ. ಮಕ್ಕಳು ಎರಡನ್ನೂ ಓದಿ, ಒಂದೇನಾ ಬೇರೆನಾ ಎಂದು ತಾಳೆ ನೋಡುತ್ತಾ ಕೂತರು, ಅದೂ ಹೊರೆಯೇ ಅಲ್ವಾ? ತೆಗೆದುಹಾಕಿದೆ. ಹಂತಗಳು ಜಾಸ್ತಿ ಇರುವ ಲೆಕ್ಕಕ್ಕೆ ಈಗ ಒಂದೇ ಚಿತ್ರದಲ್ಲಿ ಎಲ್ಲ ತುರುಕದೆ ಚಿತ್ರವನ್ನೇ ಎರಡು ಸಲ ಬರೆಯುತ್ತೇನೆ.

ಎರಡನೇ ಲೆಕ್ಕದಲ್ಲಿ ∠APB = 70°, ಕೊನೆಯ ಹಂತ ಮಾತ್ರ ಖಾಲಿ. ಮೂರನೆಯದರಲ್ಲಿ ಕೊನೆಯ ಎರಡು ಹಂತ ಖಾಲಿ, ನಾಲ್ಕನೆಯದು ಪೂರ್ತಿ ಅವರದೇ.

ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ವಿಷಯ ಆಗಲೇ ಗೊತ್ತಿರುವ ಮಕ್ಕಳಿಗೆ ಚಿತ್ರದ ಮೇಲಿನ ಬರಹವೇ ಅಡ್ಡಿ, ತಮ್ಮ ದಾರಿ ಬಿಟ್ಟು ನನ್ನ ದಾರಿ ಓದಬೇಕಾಗುತ್ತದೆ. ಅದಕ್ಕೆ ಹಾಳೆ ಹಂಚುವ ಮೊದಲು ಬೋರ್ಡಿನ ಮೇಲೆ ಒಂದು ಚಿತ್ರ ಬರೆದು, ಮೊದಲ ಹಂತ ಮಾತ್ರ ಬರೆಯಿರಿ, ಅರ್ಧ ನಿಮಿಷ ಸಾಕು ಎನ್ನುತ್ತೇನೆ. 90° ಗುರುತಿಸಿದವರಿಗೆ, ಇಲ್ಲವೇ ನೇರವಾಗಿ ಉತ್ತರವನ್ನೇ ಬರೆದವರಿಗೆ ಬಿಡಿಸಿದ ಲೆಕ್ಕ ಕೊಡುವುದಿಲ್ಲ, ಅವರು ನಾಲ್ಕನೆಯದರಿಂದಲೇ ಶುರು ಮಾಡುತ್ತಾರೆ.