ಬಚ್ಚಂಗಾಯಿಯ ಬಿಳಿ ಭಾಗದಿಂದ ದೋಸೆ: ಮಾಡುವುದು ಹೇಗೆ, ಮೈಗೆ ಸಿಗುವುದೆಷ್ಟು?

ಬೇಸಿಗೆ ಶುರುವಾದರೆ ಮಂಗಳೂರಿನ ಮಾರ್ಕೆಟಿನಲ್ಲೂ ಉಡುಪಿಯ ಹೆದ್ದಾರಿ ಬದಿಯಲ್ಲೂ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ರಾಶಿ ಬೀಳುತ್ತದೆ. ಕೆಂಪು ತಿಂದು ಮಿಕ್ಕಿದ್ದನ್ನು ದನಕ್ಕೆ ಹಾಕುವ ಮನೆಗಳಿರುವಂತೆ, ಅದನ್ನೇ ರುಬ್ಬಿ ದೋಸೆ ಹೊಯ್ಯುವ ಮನೆಗಳೂ ನಮ್ಮ ಕರಾವಳಿಯಲ್ಲಿವೆ. ಹಾಗಾಗಿ ಸಿಪ್ಪೆ ತಿನ್ನಬಹುದೇ ಎಂಬ ಪ್ರಶ್ನೆಗೆ ಇಲ್ಲಿನ ಅಡುಗೆಮನೆ ಎಂದೋ ಉತ್ತರ ಕೊಟ್ಟಾಗಿದೆ. ತಿನ್ನುವುದು ಕೆಂಪು ತಿರುಳಿಗೂ ಹಸಿರು ತೊಗಟೆಗೂ ನಡುವಿನ ಬಿಳಿ ಭಾಗವನ್ನು. ಹಸಿರು ತೊಗಟೆ ವಿಷವೇನಲ್ಲ, ಆದರೆ ನಾರು ಗಟ್ಟಿ, ಎಷ್ಟು ಬೇಯಿಸಿದರೂ ಅಗಿಯಲು ಹಿತವಿಲ್ಲ.

ಕತ್ತರಿಸುವ ಮೊದಲು

ಕಾಯಿ ಬೆಳೆಯುವುದು ನೆಲದ ಮೇಲೆ. ಮಣ್ಣು, ಸಿಂಪಡಿಸಿದ ಔಷಧ ಎಲ್ಲ ತೊಗಟೆಗೆ ಅಂಟಿರುತ್ತದೆ. ಕತ್ತಿ ಹಾಕಿದಾಗ ಅದೇ ಕೊಳೆ ಒಳಗೂ ಹೋಗುತ್ತದೆ. ಆದ್ದರಿಂದ ಇಡೀ ಕಾಯಿಯನ್ನು ಹರಿಯುವ ನೀರಿನಡಿ ಹಿಡಿದು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ, ಸೋಪು ಬೇಡ. ಕೆಂಪು ಭಾಗವನ್ನು ಮೊದಲೇ ಕತ್ತಿಯಿಂದ ಬಿಡಿಸಿ ಬೇರೆ ತೆಗೆಯಿರಿ. ಕಚ್ಚಿ ತಿಂದು ತಟ್ಟೆಯಲ್ಲಿ ಬಿಟ್ಟ ತುಂಡು, ಅಂಗಡಿಯಲ್ಲಿ ಹೆಚ್ಚಿ ಬಿಸಿಲಿಗಿಟ್ಟ ಹೋಳು ಇದಕ್ಕೆ ಆಗದು. ಆಮೇಲೆ ತೊಗಟೆ ಹೆರೆದು, ಬಿಳಿ ಭಾಗದ ಒಂದು ಚೂರನ್ನು ಹಸಿಯಾಗಿಯೇ ನಾಲಿಗೆಗಿಟ್ಟು ನೋಡಿ. ಎಳೆ ಸೌತೆಯ ರುಚಿಯಿದ್ದರೆ ಸರಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿಯನ್ನೇ ಬಿಟ್ಟುಬಿಡಿ. ಸೋರೆ, ಸೌತೆಯ ಕುಟುಂಬದಲ್ಲಿ ಆಗೊಮ್ಮೆ ಈಗೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಹೆಚ್ಚಾಗುವುದುಂಟು. ಅದು ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರಿಸುತ್ತದೆ.

ದೋಸೆಗೆ

ಎರಡು ಕಪ್ ಬೆಳ್ತಿಗೆ ಅಕ್ಕಿ ತೊಳೆದು 4 ಗಂಟೆ ನೆನೆಹಾಕಿ. ಸಣ್ಣಗೆ ಹೆಚ್ಚಿದ ಬಿಳಿ ಭಾಗ ಸುಮಾರು 300 ಗ್ರಾಂ, ತೆಂಗಿನ ತುರಿ ಅರ್ಧ ಕಪ್ ಸಾಕು. ಖಾರ ಬೇಕಾದವರು ನಾಲ್ಕು ಒಣಮೆಣಸು, ಚೂರು ಹುಣಸೆಹುಳಿ ಸೇರಿಸುತ್ತಾರೆ. ಸಿಹಿ ಇಷ್ಟಪಡುವವರು ಬೆಲ್ಲ ಹಾಕುತ್ತಾರೆ.

ಮಿಕ್ಸಿಗೆ ಮೊದಲು ಬಿಳಿ ಭಾಗವನ್ನೇ ಹಾಕಿ, ನೀರು ಸೇರಿಸದೆ ತಿರುಗಿಸಿ. ಅದರ ತೂಕದಲ್ಲಿ ಹೆಚ್ಚಿನದು ನೀರೇ, ಬೇಗ ರಸ ಬಿಡುತ್ತದೆ. ಆ ರಸದಲ್ಲೇ ನೀರು ಬಸಿದ ಅಕ್ಕಿ, ತೆಂಗಿನಕಾಯಿ ನುಣ್ಣಗೆ ರುಬ್ಬಬೇಕು. ತಿರುಗದಿದ್ದರೆ ಮಾತ್ರ ಚಮಚದ ಲೆಕ್ಕದಲ್ಲಿ ನೀರು ಹಾಕಿ. ಹಿಟ್ಟು ಉದ್ದಿನ ದೋಸೆಯ ಹದದಲ್ಲಿರಲಿ, ನೀರುದೋಸೆಯಷ್ಟು ತೆಳ್ಳಗಾದರೆ ಕಾವಲಿಯಿಂದ ಏಳುವುದೇ ಇಲ್ಲ. ಹಾಗಾಗಿದ್ದರೆ ಒಂದೆರಡು ಚಮಚ ಅಕ್ಕಿಹಿಟ್ಟು ಕಲಸಿ ಸರಿಪಡಿಸಬಹುದು. ಉಪ್ಪು ಕೊನೆಗೆ ಹಾಕಿ.

ಇದು ಹುಳಿ ಬರಿಸುವ ಹಿಟ್ಟಲ್ಲ, ರುಬ್ಬಿದ ಕೂಡಲೇ ಹೊಯ್ಯಬೇಕು. ಕಾದ ಕಾವಲಿಗೆ ಎಣ್ಣೆ ಸವರಿ, ಒಂದು ಸೌಟು ಹೊಯ್ದು ಸ್ವಲ್ಪ ದಪ್ಪಕ್ಕೇ ಹರಡಿ ಮುಚ್ಚಿಡಿ. ಮೇಲ್ಭಾಗದ ಹಸಿ ಮಿನುಗು ಹೋಗಿ ಅಂಚು ಬಿಟ್ಟುಕೊಂಡ ಮೇಲೆ ಮಗುಚಿ. ಅದಕ್ಕೂ ಮೊದಲು ಸಟ್ಟುಗ ಹಾಕಿದರೆ ಹರಿಯುತ್ತದೆ.

ಮೈಗೆ ಸಿಗುವುದೆಷ್ಟು

ಬಿಳಿ ಭಾಗದಲ್ಲಿ ನಾರಿದೆ, ಸ್ವಲ್ಪ ಪೊಟ್ಯಾಸಿಯಂ ಇದೆ, ಸಕ್ಕರೆ ತಿರುಳಿಗಿಂತ ಬಹಳ ಕಡಿಮೆ. ಹೆಚ್ಚು ಸುದ್ದಿಯಾಗುವುದು ಸಿಟ್ರುಲಿನ್ ಎಂಬ ಅಮೈನೋ ಆಮ್ಲ. 1914ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದ್ದೇ ಕಲ್ಲಂಗಡಿ ರಸದಿಂದ. ಮೂತ್ರಪಿಂಡದಲ್ಲಿ ಇದು ಅರ್ಜಿನಿನ್ ಆಗುತ್ತದೆ, ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುತ್ತದೆ.

ಸಿಪ್ಪೆಯಲ್ಲೇ ಸಿಟ್ರುಲಿನ್ ಜಾಸ್ತಿ ಎಂಬ ಮಾತು ಒಣಗಿಸಿ ತೂಗಿದಾಗ ನಿಜ. ನಾವು ತಿನ್ನುವ ಹಸಿ ತೂಕದಲ್ಲಿ ಅಳೆದರೆ ಕೆಂಪು ತಿರುಳಿನದೇ ತುಸು ಮೇಲುಗೈ. 2005ರಲ್ಲಿ ಪ್ರಕಟವಾದ ಅಮೆರಿಕದ ಅಳತೆಯೊಂದರಲ್ಲಿ ಹಸಿ ಸಿಪ್ಪೆಯ ಪ್ರತಿ ಗ್ರಾಂಗೆ ಸಿಕ್ಕಿದ್ದು ಸುಮಾರು 1.3 ಮಿಲಿಗ್ರಾಂ. ಆ ಲೆಕ್ಕದಲ್ಲಿ ನಮ್ಮ 300 ಗ್ರಾಂನಲ್ಲಿ 390 ಮಿಲಿಗ್ರಾಂ ಇರುತ್ತದೆ, ನಾಲ್ಕು ಜನ ಹಂಚಿಕೊಂಡರೆ ತಲೆಗೆ ನೂರರ ಆಸುಪಾಸು. ರಕ್ತದೊತ್ತಡದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡುವುದು ದಿನಕ್ಕೆ ಕೆಲವು ಗ್ರಾಂಗಳಷ್ಟು. ಹಾಗಾಗಿ ಬಿಪಿ ಮಾತ್ರೆ ಬಿಟ್ಟು ಈ ದೋಸೆಯನ್ನು ನಂಬುವುದು ಅಪಾಯ. ಮಧುಮೇಹ ಇರುವವರೂ ಗಮನಿಸಿ, ಸಿಪ್ಪೆಯಲ್ಲಿ ಸಕ್ಕರೆ ಕಡಿಮೆಯಾದರೂ ದೋಸೆಯ ಬಹುಪಾಲು ಅಕ್ಕಿಯೇ.

ಸಿಟ್ರುಲಿನ್ ನೀರಿನಲ್ಲಿ ಕರಗುತ್ತದೆ. ರುಬ್ಬಿದ ದೋಸೆಯಲ್ಲಿ ರಸ ಎಲ್ಲೂ ಚೆಲ್ಲಿಹೋಗುವುದಿಲ್ಲ. ಹುಳಿಯೋ ಪಲ್ಯವೋ ಮಾಡುವವರು ಬೇಯಿಸಿದ ನೀರನ್ನು ಬಸಿದು ಚೆಲ್ಲದೆ, ಆ ನೀರಿನಲ್ಲೇ ಬೇಳೆ ಸೇರಿಸಿ ಕುದಿಸಿ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಮಾತ್ರ, ಅವರನ್ನು ಕೇಳಿಯೇ ತಿನ್ನಿ.