ನಿವೇಶನದ ಗಡಿಗಳನ್ನು ಗ್ರಿಡ್‌ಗೆ ಇಳಿಸಿದ್ದು: ನನ್ನ ಅನುಭವ

ಸುಮಾರು ಆರು ಸಾವಿರ ಜಮೀನು ತುಂಡುಗಳ ಪಾಲಿಗನ್ ಫೈಲ್ ಕೈಯಲ್ಲಿತ್ತು. ಅದನ್ನು ರಾಸ್ಟರ್, ಅಂದರೆ ಚೌಕ ಸೆಲ್‌ಗಳ ಗ್ರಿಡ್, ಮಾಡಬೇಕಿತ್ತು. ಜೊತೆಗಿದ್ದ ಇಳಿಜಾರಿನ ರಾಸ್ಟರ್ 10 ಮೀಟರ್‌ದು, ಹಾಗಾಗಿ ನಾನೂ ಸೆಲ್ ಅಳತೆ ಸುಮ್ನೆ 10 ಅಂತ ಕೊಟ್ಟೆ. ತುಂಡಿನ ಐಡಿಯನ್ನೇ ಸೆಲ್‌ಗೆ ಬರೆಸಿದೆ. ಚಿತ್ರ ಚೆನ್ನಾಗೇ ಕಂಡಿತು, ಆದರೆ ಎಷ್ಟು ಬೇರೆ ಬೇರೆ ಐಡಿ ಇವೆ ಅಂತ ಎಣಿಸಿದರೆ ಅರ್ಧವೂ ಇಲ್ಲ!

ಮೊದಲ ತಪ್ಪು ಐಡಿಯದ್ದು. ನಮ್ಮ ಐಡಿಗಳು ಒಂಬತ್ತು ಅಂಕಿಯವು, ಔಟ್‌ಪುಟ್ ಮಾತ್ರ QGIS ತಾನಾಗಿ ಕೊಡುವ `Float32`. ಅದರಲ್ಲಿ 1,67,77,216ರವರೆಗಿನ ಪೂರ್ಣಾಂಕಗಳು ಮಾತ್ರ ಒಂದೂ ತಪ್ಪದೆ ಕೂರುತ್ತವೆ. 20 ಕೋಟಿ ದಾಟಿದ ಕಡೆ 16ರ ಹೆಜ್ಜೆಯಲ್ಲಷ್ಟೇ ಸಂಖ್ಯೆಗಳಿರುತ್ತವೆ. ಹಾಗಾಗಿ 204117033, 204117034 ಎರಡೂ 204117040 ಆಗಿಬಿಟ್ಟಿದ್ದವು. ಅಕ್ಕಪಕ್ಕದ ತುಂಡುಗಳಿಗೆ ಐಡಿಯೂ ಅಕ್ಕಪಕ್ಕದ್ದೇ ಅಲ್ವಾ, ಒಂದರೊಳಗೊಂದು ಸೇರಿಹೋಗಿದ್ದು ಕಣ್ಣಿಗೆ ಬೀಳಲೇ ಇಲ್ಲ. ಆಮೇಲೆ `rid` ಅಂತ ಒಂದು ಕಾಲಂ ಮಾಡಿ 1ರಿಂದ ಎಣಿಕೆ ಹಾಕಿ ಅದನ್ನೇ ಬರೆಸಿದೆ. ಮಾಲೀಕತ್ವ, ಬಳಕೆ, ಬೆಲೆ ಎಲ್ಲ ಟೇಬಲ್‌ನಲ್ಲೇ ಇರಲಿ, ಬೇಕಾದಾಗ `rid` ಹಿಡಿದು ಜೋಡಿಸಿದರಾಯಿತು. ಬೆಲೆಯನ್ನೇ ನೇರವಾಗಿ ಬರೆಸುವವರು ಚದರ ಮೀಟರ್‌ಗೆ ಇಷ್ಟು ಅಂತ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೊಂದು ಸೆಲ್‌ಗೂ ಇಡೀ ಜಮೀನಿನ ಬೆಲೆ ಬಂದು, ಕೂಡಿದಾಗ ಮೊತ್ತ ಹುಚ್ಚಾಪಟ್ಟೆ ಏರುತ್ತದೆ.

ಎರಡನೆಯದು ಸೆಲ್ ಅಳತೆ. ನಾನು ವಿಸ್ತೀರ್ಣ ನೋಡಿದ್ದೆ, ನೋಡಬೇಕಿದ್ದದ್ದು ಅಗಲ. 120 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಪಟ್ಟಿ, ನೇರ ಉತ್ತರ-ದಕ್ಷಿಣ. ಸೆಲ್‌ನ ನಡುಬಿಂದು ಪಾಲಿಗನ್ ಒಳಗೆ ಬಿದ್ದರೆ ಮಾತ್ರ ಆ ಸೆಲ್ ಅದಕ್ಕೆ ಸಿಗುತ್ತದೆ. ನಡುಬಿಂದುಗಳು 10 ಮೀಟರ್‌ಗೊಂದು ಇರುವಾಗ ಈ ಪಟ್ಟಿಗೆ ಒಂದೋ 12 ಸೆಲ್ ಸಿಕ್ಕಿ 720 ಚದರ ಮೀಟರ್ ಇದ್ದದ್ದು 1200 ಆಗುತ್ತದೆ, ಇಲ್ಲವೇ ಪಟ್ಟಿಯೇ ಮಾಯ. ನಮ್ಮದು ಮಾಯವಾಗಿತ್ತು. `gdal_rasterize` ಕಮಾಂಡ್‌ಗೆ `-at` ಹಾಕಿ, ತಾಗಿದ ಸೆಲ್ಲನ್ನೆಲ್ಲ ಬರೆಸಿಯೂ ನೋಡಿದೆ. ಪಟ್ಟಿ ಬಂತು, ಆದರೆ ಪಕ್ಕದವರ ಜಮೀನಿಗೂ ನುಗ್ಗಿತು, ಯಾಕೆಂದರೆ ಕೊನೆಗೆ ಬರೆದದ್ದೇ ಉಳಿಯುತ್ತದೆ. ಗಡಿ ಹಂಚಿಕೊಂಡ ತುಂಡುಗಳಿಗೆ ಇದು ಬೇಡವೇ ಬೇಡ.

ಉದ್ದನೆಯ ತುಂಡಿನ ಅಗಲ ಅಂದಾಜಿಸಲು ವಿಸ್ತೀರ್ಣದ ಎರಡರಷ್ಟನ್ನು ಸುತ್ತಳತೆಯಿಂದ ಭಾಗಿಸುತ್ತೇನೆ. ಈ ಪಟ್ಟಿಗೆ 1440/252, ಅಂದರೆ 5.7. ಕಿರಿದಾದ ತುಂಡಿಗೂ ಅಡ್ಡಕ್ಕೆ ಎರಡು ಮೂರು ಸೆಲ್ ಬರಲಿ ಅಂತ 2 ಮೀಟರ್ ಇಟ್ಟೆ. ಸೆಲ್‌ಗಳ ಸಂಖ್ಯೆ 25 ಪಟ್ಟು ಜಾಸ್ತಿಯಾಯಿತು, ಇರಲಿ. ಅಂದಹಾಗೆ ಫೈಲ್ ಡಿಗ್ರಿಯಲ್ಲಿದ್ದರೆ ಮೊದಲು ಮೀಟರ್ ಇರುವ ಪ್ರೊಜೆಕ್ಷನ್‌ಗೆ ತನ್ನಿ. `-tr 2 2` ಅಂದರೆ ಅಲ್ಲಿ ಎರಡು ಡಿಗ್ರಿ!

```
gdal_rasterize -l parcels -a rid -tr 2 2 -tap \
  -ot UInt32 -a_nodata 0 parcels.gpkg out.tif
```

`-tap` ಗ್ರಿಡ್ ಅಂಚನ್ನು 2ರ ಗುಣಕಕ್ಕೆ ಕೂರಿಸುತ್ತದೆ, ಮುಂದಿನ ಸಲ ಮಾಡಿದ ರಾಸ್ಟರೂ ಇದರ ಮೇಲೆ ಸರಿಯಾಗಿ ಬೀಳುತ್ತದೆ.

ಆಮೇಲೆ ಪ್ರತಿ `rid`ಗೆ ಎಷ್ಟು ಸೆಲ್ ಅಂತ ಎಣಿಸಿ, ನಾಲ್ಕರಿಂದ ಗುಣಿಸಿ, ಮೂಲ ವಿಸ್ತೀರ್ಣದ ಪಕ್ಕಕ್ಕಿಟ್ಟೆ. ಆ ಪಟ್ಟಿಗೆ 180 ಸೆಲ್, ಸರಿಯಾಗಿ 720. ಹನ್ನೊಂದು ತುಂಡು ಮಾತ್ರ ಆಗಲೂ ಸಿಗಲಿಲ್ಲ. ತೆರೆದು ನೋಡಿದರೆ ಅವು ಜಮೀನೇ ಅಲ್ಲ, ಗಡಿ ಎಳೆದವರು ಬಿಟ್ಟ ಕೂದಲೆಳೆಯಂಥ ಸೀಳುಗಳು.