ಮಳೆಗಾಲದ ಚಿಂತೆಯನ್ನು ಎರಡು ಪುಟಕ್ಕೆ ಒಡೆದದ್ದು: ನನ್ನ ಅನುಭವ

"ಪುಸ್ತಕದಲ್ಲಿ ಬರೆದರೆ ಮಳೆ ನಿಲ್ಲುತ್ತೇನೋ ಮಾರಾಯ?" ಎಂದು ಕೇಳಿದವರೇ ಈ ಸಲ ನಾನು ಚಿಂತೆ ಬರೆದಿಡುವ ಪುಸ್ತಕ ನೋಡಲು ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಅಡಿಕೆಗೆ ಕೊಳೆರೋಗ ಹೇಗೆ ಬರುತ್ತದೆ, ಬೋರ್ಡೋ ದ್ರಾವಣ ಹೇಗೆ ಕಾಯುತ್ತದೆ ಎನ್ನುವುದು ತೋಟದವರಿಗೆ ಹೇಳಬೇಕಾದ್ದಲ್ಲ. ಆರಿದ್ರಾದಿಂದ ಆಶ್ಲೇಷಾವರೆಗೆ ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲಿನ ಸದ್ದು ಕೇಳುತ್ತ ಮಲಗಿದಾಗ ತಲೆಯೊಳಗೆ ಓಡುವುದನ್ನು ಏನು ಮಾಡಬೇಕು ಎನ್ನುವುದಷ್ಟೇ ಇಲ್ಲಿರುವುದು.

ಮೊದಲ ವರ್ಷ ಹಾಳೆಯ ಮಧ್ಯೆ ಗೆರೆ ಎಳೆದು, ನನ್ನ ಕೈಲಿರುವುದು ಎಡಕ್ಕೆ, ಇಲ್ಲದ್ದು ಬಲಕ್ಕೆ ಎಂದು ಬರೆದೆ. ಎಲ್ಲರೂ ಹೇಳುವ ಕ್ರಮ ಅದೇ. ಅದೇ ಕೆಟ್ಟಿತು. "ಕೊಳೆ ಬಂದರೆ?" ಎನ್ನುವುದನ್ನು ಇಡಿಯಾಗಿ ಬಲಕ್ಕೆ ಹಾಕಿ, ಮಳೆ ನಮ್ಮ ಕೈಲಿಲ್ಲವಲ್ಲ ಎಂದು ಸುಮ್ಮನಾದೆ. ಎರಡನೇ ಔಷಧಿ ನಲವತ್ತು, ನಲವತ್ತೈದು ದಿನಕ್ಕೆ ಬೀಳಬೇಕಿದ್ದದ್ದು ಅರವತ್ತು ದಾಟಿತು. ಮೂರು ಎಕರೆಯಲ್ಲಿ ಕಾಲುಭಾಗದಷ್ಟು ಕಾಯಿ ಉದುರಿತು. ಒಪ್ಪಿಕೊಂಡೆ ಎಂದುಕೊಂಡಿದ್ದು ಬರೀ ಸೋಮಾರಿತನ.

ಮರುವರ್ಷ ಎಲ್ಲವನ್ನೂ ಎಡಕ್ಕೆ ಹಾಕಿದೆ. ದಿನಕ್ಕೆ ಇಪ್ಪತ್ತು ಸಲ ಮೊಬೈಲಿನಲ್ಲಿ ಮಳೆ ನೋಡುವುದು, ಮಂಡಿಯಲ್ಲಿ ರಾಶಿ ಅಡಿಕೆಯ ದರ ಕೇಳುವುದು. ಕೊನೆಗೆ ಮಳೆಯ ನಡುವೆ ಒಂದು ಗಂಟೆ ಬಿಡುವು ಸಿಕ್ಕಿತೆಂದು ಔಷಧಿ ಹೊಡೆಯಲು ಕೊನೆಗಾರನನ್ನು ಮರ ಹತ್ತಿಸಿದೆ. ಗೊನೆ ಒದ್ದೆ, ಔಷಧಿ ಆರುವ ಮೊದಲೇ ಮತ್ತೆ ಹೊಯ್ದಿತು. ಮೈಲುತುತ್ತ, ಸುಣ್ಣ, ರಾಳ, ಕೂಲಿ ಎಲ್ಲ ಸೇರಿ ಒಂದು ಸುತ್ತಿಗೆ ಸುಮಾರು 25,000 ರೂಪಾಯಿ ಚರಂಡಿಗೆ ಹೋಯಿತು. ಅದು ಗೊನೆಗೆ ಹೊಡೆದ ಔಷಧಿಯಲ್ಲ, ನನ್ನ ಹೆದರಿಕೆಗೆ ಹೊಡೆದದ್ದು.

ಆಮೇಲೆ ತಿಳಿದದ್ದು ಇಷ್ಟು. ಚಿಂತೆ ಒಂದೇ ವಾಕ್ಯವಾಗಿ ಬಂದರೂ ಒಳಗೆ ಐದಾರು ಬೇರೆ ಬೇರೆ ವಿಷಯ ಕಟ್ಟಿಕೊಂಡಿರುತ್ತದೆ. ಗಂಟನ್ನೇ ಎತ್ತಿ ಎಡಕ್ಕೋ ಬಲಕ್ಕೋ ಇಟ್ಟರೆ ತಪ್ಪುತ್ತದೆ. ಮೊದಲು ಬಿಚ್ಚಬೇಕು.

ಕಳೆದ ಪುನರ್ವಸುವಿನಲ್ಲಿ ಬಂದ ಗಂಟು ಇದು: "ಮಳೆ ಹೀಗೇ ಹೊಡೆದರೆ ಕೊಳೆ ಬಂದು ಫಸಲು ಹೋಗುತ್ತೆ, ಪಕ್ಕದ ತೋಟಕ್ಕೆ ಔಷಧಿಯೇ ಬಿದ್ದಿಲ್ಲ, ರೇಟೂ ಇಳಿದರೆ ಸೊಸೈಟಿ ಕಂತು ಹೇಗೆ?" ಇದನ್ನು ಒಂದು ಸಾಲಿಗೆ ಒಂದೇ ಕ್ರಿಯಾಪದ ಬರುವ ಹಾಗೆ ಬಿಡಿಸಿ ಬರೆದೆ. ಮಳೆ ಸುರಿಯುತ್ತದೆ. ಔಷಧಿಯ ಅಂತರ ಮುಗಿಯುತ್ತದೆ. ಉದುರಿದ ಕಾಯಿ ಮರದ ಬುಡದಲ್ಲೇ ಕೊಳೆಯುತ್ತದೆ. ಪಕ್ಕದವರು ಔಷಧಿ ಹೊಡೆಸುವುದಿಲ್ಲ. ದರ ಇಳಿಯುತ್ತದೆ. ಕಂತಿನ ದಿನ ಬರುತ್ತದೆ.

ಈಗ ಪರೀಕ್ಷೆ. ಬೋರ್ಡೋಗೆ ಬ್ಲೇಡು ಅದ್ದಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಎನ್ನುತ್ತೇವಲ್ಲ, ಹಾಗೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದಕ್ಕೆ ನಾನು ಮಾಡಬಹುದಾದ, ಒಂದು ಸಲ ಮಾಡಿದರೆ ಮುಗಿಯುವ ಕೆಲಸ ಉಂಟಾ? ಯಾವ ದಿನ, ಯಾರ ಜೊತೆ, ಎಷ್ಟು ದುಡ್ಡು ಎಂದು ಬರೆಯಲು ಬಂದರೆ ಎಡ ಪುಟ. ಮತ್ತೆ ಮತ್ತೆ ನೋಡುವುದು, ಕೇಳುವುದು ಮಾತ್ರ ಸಾಧ್ಯವಾದರೆ ಅದು ಕೆಲಸವಲ್ಲ, ಬಲ ಪುಟ. ಮೊಬೈಲಿನ ಮಳೆ ಎಡಕ್ಕೆ ಬರುವುದು ಒಂದೇ ಕಡೆ: ಔಷಧಿ ಹೊಡೆಯುವ ಹಿಂದಿನ ಸಂಜೆ, ಒಂದು ಸಲ.

ಅಂತರದ ಸಾಲಿನಿಂದ ಮೂರು ಕೆಲಸ ಹುಟ್ಟಿತು. ಕೊನೆಗಾರನಿಗೆ ಮುಂಗಡ ಕೊಟ್ಟು ದಿನ ಹಿಡಿಯುವುದು. ಸುಮಾರು 22 ಕೆ.ಜಿ. ಮೈಲುತುತ್ತ ಮೊದಲೇ ತಂದಿಡುವುದು. ಗೊನೆ ಆರದೆ ಮರ ಹತ್ತಿಸಬಾರದು ಎಂಬ ನಿಯಮ ಬರೆದಿಡುವುದು. ಈ ಮೂರನೆಯದೇ ಹಿಂದಿನ 25,000ದ ಪಾಠ. ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಸಾಗಿಸಲು ಇಬ್ಬರಿಗೆ ಎರಡು ದಿನ.

ಪಕ್ಕದ ತೋಟದ್ದೇ ಕಷ್ಟದ ಸಾಲು, ಅರ್ಧ ನಮ್ಮದು, ಅರ್ಧ ಅಲ್ಲ. ಅದನ್ನು ಮತ್ತೂ ಸೀಳಿದೆ. ಕೇಳುವುದು ನನ್ನದು, ಹೊಡೆಸುವುದು ಅವರದು. "ಭಟ್ರೇ, ನಮ್ಮ ಕೊನೆಗಾರ ಗುರುವಾರ ಬರ್ತಾನೆ, ನಿಮ್ಮ ಬೇಲಿ ಸಾಲಿಗೂ ಹೊಡೆಸ್ತೀರಾ?" ಎಂದು ಒಂದೇ ಸಲ ಕೇಳಿದೆ. "ನೋಡುವ" ಎಂದರು. ಅಲ್ಲಿಗೆ ಎಡ ಪುಟದ ಕೆಲಸ ಮುಗಿಯಿತು. ಅವರು ಕೊನೆಗೂ ಹೊಡೆಸಲಿಲ್ಲ. ಬೇಲಿ ಪಕ್ಕದ ಎರಡು ಸಾಲು ಮರಕ್ಕೆ ಗೊನೆ ಮುಚ್ಚುವ ಕೊಟ್ಟೆ ಕಟ್ಟಿಸಿದೆ. ಅದು ದುಬಾರಿ, ಇಡೀ ತೋಟಕ್ಕೆ ಆಗುವಂಥದ್ದಲ್ಲ.

ಬಲ ಪುಟಕ್ಕೆ ಹೋದ ಸಾಲನ್ನು ಹಾಗೇ ಬಿಟ್ಟರೆ ಅದು ರಾತ್ರಿ ಎದ್ದು ಬರುತ್ತದೆ. ಅಲ್ಲಿ ಬರೆಯಬೇಕಾದ್ದು ಎರಡು: ಅದು ನಡೆದೇಬಿಟ್ಟರೆ ಎಷ್ಟು ಹೋಗುತ್ತದೆ, ಮುಂದೆ ಯಾವ ದಿನ ಇದನ್ನು ಮತ್ತೆ ತೆಗೆದು ನೋಡುವುದು. ನನ್ನ ತೋಟದಲ್ಲಿ ಒಣ ಅಡಿಕೆ 18 ಕ್ವಿಂಟಾಲ್ ಆಸುಪಾಸು. ಕ್ವಿಂಟಾಲಿಗೆ 45,000 ಹಿಡಿದರೆ ಎಂಟು ಲಕ್ಷ ಚಿಲ್ಲರೆ. ಕಾಲುಭಾಗ ಕೊಳೆತರೆ ಎರಡು ಲಕ್ಷ ಹೋಗುತ್ತದೆ, ಉಳಿದದ್ದಕ್ಕೆ ದರ 35,000ಕ್ಕೆ ಇಳಿದರೆ ಇನ್ನೂ ಒಂದೂಕಾಲು, ಒಂದೂವರೆ. ಉಳಿಯುವ ನಾಲ್ಕೂಮುಕ್ಕಾಲು ಲಕ್ಷದಲ್ಲಿ ಕಂತು 1,20,000, ತೋಟದ ಖರ್ಚು ಎರಡು ಚಿಲ್ಲರೆ. ಮನೆ ನಡೆಯುತ್ತದೆ, ಕೊಟ್ಟಿಗೆಗೆ ಹೊಸ ಶೀಟು ಹಾಕಿಸುವುದು ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ತೋಟವೇ ಮಾರಿಹೋಗಿತ್ತು, ಲೆಕ್ಕದಲ್ಲಿ ಹೋದದ್ದು ಶೀಟು.

ಕೆಲವರ ಲೆಕ್ಕದಲ್ಲಿ ಕಂತೇ ಉಳಿಯದೆ ಹೋಗಬಹುದು. ಹಾಗಾದರೆ ಆ ಸಾಲು ಬಲದಿಂದ ಎದ್ದು ಎಡಕ್ಕೆ ಬರಬೇಕು: ಕಂತಿನ ದಿನಕ್ಕೆ ಎರಡು ತಿಂಗಳು ಮೊದಲೇ ಸೊಸೈಟಿ ಕಾರ್ಯದರ್ಶಿಯ ಹತ್ತಿರ ಹೋಗಿ ಕೂರುವುದು. ಗಡುವು ದಾಟಿದ ಮೇಲೆ ಹೋದರೆ ಅವರ ಕೈಲೂ ಹೆಚ್ಚೇನು ಇರುವುದಿಲ್ಲ.

ಬರೆಯುವ ಹೊತ್ತೂ ಮುಖ್ಯ. ಸಂಜೆ ಆರರಿಂದ ಆರೂವರೆ, ಜಗಲಿಯಲ್ಲಿ. ಹಾಸಿಗೆಯ ಹತ್ತಿರ ಪುಸ್ತಕ ಇಟ್ಟುಕೊಂಡು ನೋಡಿದ್ದೆ, ಹತ್ತು ದಿನದಲ್ಲಿ ನಿದ್ದೆ ಇನ್ನೂ ಹಾಳಾಯಿತು, ಹಾಸಿಗೆಯೇ ಲೆಕ್ಕದ ಮೇಜಾಯಿತು. ಈಗ ರಾತ್ರಿ ಬಂದದ್ದಕ್ಕೆ "ನಾಳೆ ಆರಕ್ಕೆ" ಅಂದು ಬಿಡುವುದು. ಮೊದಲ ವಾರ ಮನಸ್ಸು ಕೇಳುವುದಿಲ್ಲ, ನಲವತ್ತು ಸಲ ಹೇಳಬೇಕಾಗುತ್ತದೆ. ಬಲ ಪುಟದ ತಲೆಗೆ ನಾನು ಬರೆಯುವ ಒಂದು ಸಾಲು ಇದೆ, ಅದನ್ನು ಹೇಳುವುದಿಲ್ಲ. ಅವರವರದ್ದು ಅವರವರೇ ಹುಡುಕಿಕೊಳ್ಳಬೇಕು, ಸಾಲ ತಂದದ್ದು ಹಿಡಿಯುವುದಿಲ್ಲ.

ಮಧ್ಯೆ ಒಂದು ಆಟ ಕಟ್ಟಿದೆ. ಚಿಂತೆ ಬಂದಾಗಲೆಲ್ಲ ಎಡ ಜೇಬಿನ ಗೋಟಡಿಕೆಯನ್ನು ಬಲ ಜೇಬಿಗೆ ಹಾಕುವುದು, ಸಂಜೆ ಎಣಿಸುವುದು. ಮೊದಲು ದಿನಕ್ಕೆ ಹದಿನೈದರ ಮೇಲೆ, ಒಂದೂವರೆ ತಿಂಗಳಲ್ಲಿ ನಾಲ್ಕೈದು. ಎಣಿಕೆ ಇಳಿಯದೆ ನಿಂತರೆ ಹೆಚ್ಚಾಗಿ ಕಾರಣ ಒಂದೇ: ಎಡ ಪುಟದ ಯಾವುದೋ ಕೆಲಸಕ್ಕೆ ದಿನ ಹಾಕಿರುವುದಿಲ್ಲ. "ಕೊನೆಗಾರನಿಗೆ ಹೇಳಬೇಕು" ಎಂದಷ್ಟೇ ಇರುತ್ತದೆ. "ಮಂಗಳವಾರ ಬೆಳಿಗ್ಗೆ, 2,000 ಮುಂಗಡ" ಎಂದು ತಿದ್ದಿದ ದಿನವೇ ಎರಡು ಅಡಿಕೆ ಕಡಿಮೆಯಾಗುತ್ತದೆ.

ಪುಸ್ತಕಕ್ಕೂ ಒಂದು ಮಿತಿ ಉಂಟು. ಎರಡು ಮೂರು ವಾರ ನಿದ್ದೆ ಊಟ ಎರಡೂ ಬಿಟ್ಟುಹೋದರೆ, ಇದ್ದೇನು ಪ್ರಯೋಜನ ಎಂಬ ಯೋಚನೆ ಬಂದರೆ, ಅದು ಬಿಡಿಸಿ ಬರೆಯುವ ಗಂಟಲ್ಲ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆ ಮನಸ್ಸಿನ ಡಾಕ್ಟರು ಎಂದರೆ ಮುಖ ತಿರುಗಿಸುವವರು ಜಾಸ್ತಿ, ಅದೇ ಜನ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮಾತ್ರ ವಿಜ್ಞಾನಿಯನ್ನೇ ತೋಟಕ್ಕೆ ಕರೆಸುತ್ತಾರೆ.

ಈ ಸಲ ಮಘಾ ಮಳೆಯಲ್ಲಿ ಕಾಯಿ ಉದುರಿದ್ದು ಹತ್ತರಲ್ಲೊಂದು ಭಾಗ ಇರಬಹುದು. ಅದರಲ್ಲಿ ಪುಸ್ತಕದ್ದೆಷ್ಟು, ಮಳೆ ಬಿಡುವು ಕೊಟ್ಟದ್ದೆಷ್ಟು ಎಂದು ಭಟ್ರು ಕೇಳಿದರು. ಅದು ಬಲ ಪುಟದ ಪ್ರಶ್ನೆ ಎಂದೆ. ಭಟ್ರು ನಕ್ಕು, ಮುಂದಿನ ವರ್ಷಕ್ಕೆ ನಮ್ಮ ಕೊನೆಗಾರನ ದಿನ ಈಗಲೇ ಹಿಡಿದು ಹೋದರು.